ನನ್ನ 72 ಮಂದಿ ಎಲ್ಲಿ ಹೋದ್ರು?

(1/8)

ಹನುಮಸಾಗರದಾಗ ನಂದೊಂದು ಸಣ್ಣ ಫೋಟೊ ಸ್ಟುಡಿಯೋ ಐತಿ. ಮದುವೆ ಫೋಟೊ, ಪಾಸ್‌ಪೋರ್ಟ್ ಸೈಜು, ಜೊತೆಗೆ ನಮ್ಮ ಭಾಗದ ಹುಡುಗರ ಯೂಟ್ಯೂಬ್ ವಿಡಿಯೋ ಎಡಿಟಿಂಗ್. ಹೋದ ವರ್ಷ ಒಂದು ಸಂಜೆ ಅಂಥ ಒಬ್ಬ ಹುಡುಗ ಬಂದು ಎರಡು ಫೋನು ಟೇಬಲ್ ಮ್ಯಾಲೆ ಇಟ್ಟ. ಒಂದು ಅವನದು, ಇನ್ನೊಂದು ಅವರ ಅಪ್ಪಂದು.

ಅಪ್ಪನ ಫೋನಿನಲ್ಲಿ ಅವನ ಚಾನೆಲ್ ತೆರೆದಿತ್ತು: 10K. ಅವನ ಫೋನಿನಲ್ಲಿ ಯೂಟ್ಯೂಬ್ ಸ್ಟುಡಿಯೋ ತೆರೆದಿತ್ತು: 10,072.

"ಅಣ್ಣಾ, ನನ್ನ 72 ಮಂದಿ ಎಲ್ಲಿ ಹೋದ್ರು? ಎಂಟು ದಿನ ಆತು, 10K ಬಿಟ್ಟು ಅಲ್ಲಾಡವಲ್ದು."

ನಾನು ಮದುವೆ ಆಲ್ಬಮ್ ಕೆಲಸದಲ್ಲಿದ್ದೆ. "ಎಲ್ಲೂ ಹೋಗಿಲ್ಲಪಾ, ಅದು ಹಂಗ ತೋರಿಸ್ತೈತಿ, ಬಿಡು" ಅಂದೆ. ಅಷ್ಟೇ ಅಂದೆ. ಆ ಅರ್ಧ ಉತ್ತರಕ್ಕೆ ಅವನು ಆಮೇಲೆ ದುಡ್ಡು ತೆತ್ತ. ಆ ಕಥೆ ಮೂರನೇ ಭಾಗದಲ್ಲಿ ಹೇಳ್ತೀನಿ.

ಈ ಎಂಟು ಪೋಸ್ಟ್‌ಗಳು ಅವತ್ತು ನಾನು ಕೊಡಬೇಕಿದ್ದ ಪೂರ್ತಿ ಉತ್ತರ. ನನ್ನ ಮಾತು ಎರಡೇ. ಒಂದು, ಇದು ಕಳ್ಳತನ ಅಲ್ಲ. ನಿಮ್ಮ ಒಬ್ಬ ಸಬ್‌ಸ್ಕ್ರೈಬರ್ ಕೂಡ ಇದರಿಂದ ಕಡಿಮೆ ಆಗೋದಿಲ್ಲ. ಎರಡು, "ನಿಮ್ಮ ಮನಸ್ಸಿನ ನೆಮ್ಮದಿಗಾಗಿ ಹೀಗೆ ಮಾಡಿದೀವಿ" ಅಂತ ಕಂಪನಿ ಹೇಳಿದ ಮಾತನ್ನೂ ನಾನು ಪೂರ್ತಿ ಒಪ್ಪೋದಿಲ್ಲ. ಯಾಕಂದ್ರ ಚಿಂತೆ ಮಾಡೋ ಮನುಷ್ಯನ ಕೈಗೇ ಅವರು ಪೂರ್ತಿ ಸಂಖ್ಯೆ ಕೊಟ್ಟಾರ. ಮುಚ್ಚಿದ್ದು ನೋಡೋರಿಗೆ.

(2/8)

ಮೊದಲು ನಿಯಮ. ಇದನ್ನು ತಿಳಕೊಂಡ್ರ ಅರ್ಧ ಜಗಳ ಮುಗೀತು.

1,000ದ ಒಳಗಿರೋ ಚಾನೆಲ್‌ಗೆ ಎಲ್ಲರಿಗೂ ಪೂರ್ತಿ ಸಂಖ್ಯೆ ಕಾಣತೈತಿ. 734 ಇದ್ದರೆ 734. ಸಾವಿರ ದಾಟಿದ ಮೇಲೆ ಹೊರಗಿನವರಿಗೆ ಮೊದಲ ಮೂರು ಅಂಕಿ ಮಾತ್ರ. ಉಳಿದದ್ದನ್ನು ಕತ್ತರಿಸಿ ಬಿಡ್ತಾರ. 4,227 ಇದ್ದರೆ 4.22K. 10,072 ಇದ್ದರೆ ಮೊದಲ ಮೂರು ಅಂಕಿ 1, 0, 0. ಅದಕ್ಕೇ 10K.

ಇಲ್ಲೊಂದು ಮಾತು ಗಮನಿಸ್ರಿ. ಎಲ್ಲರೂ ಇದನ್ನು "ರೌಂಡ್ ಮಾಡ್ತಾರ" ಅಂತಾರ. ಶಾಲೆಯಲ್ಲಿ ಕಲಿತ ರೌಂಡಿಂಗ್ ಆಗಿದ್ದರೆ 10,072 ಮೇಲಕ್ಕೆ ಹೋಗಿ 10.1K ಆಗಬೇಕಿತ್ತು. ಆಗೋದಿಲ್ಲ. ಇದು ಯಾವಾಗಲೂ ಕೆಳಕ್ಕೇ ಇಳಿಸೋ ಲೆಕ್ಕ. 99,999 ಇದ್ದರೂ 99.9K ಅಂತಲೇ ಇರತೈತಿ. ಆ ಕೊನೆಯ ಒಬ್ಬ ಬಂದಾಗಲೇ 100K.

ನಾವು ವಯಸ್ಸು ಹೇಳೋದು ಹೀಗೇ ಅಲ್ಲೇನ್ರಿ? ಮೂವತ್ತೆರಡು ವರ್ಷ ಹನ್ನೊಂದು ತಿಂಗಳಾದರೂ ಕೇಳಿದವರಿಗೆ "ಮೂವತ್ತೆರಡು" ಅಂತೀವಿ. ಆ ಹನ್ನೊಂದು ತಿಂಗಳನ್ನು ಯಾರೂ ಕದ್ದಿಲ್ಲ, ಹುಟ್ಟಿದ ತಾರೀಖು ಮನೆಯಲ್ಲಿ ಬರೆದಿಟ್ಟಿರತೈತಿ. ಚಾನೆಲ್ ಪುಟ ಅಂದ್ರ ಬಾಯಲ್ಲಿ ಹೇಳೋ ವಯಸ್ಸು. ಸ್ಟುಡಿಯೋ ಅಂದ್ರ ಹುಟ್ಟಿದ ತಾರೀಖು.

ಹೀಗೆ ಮುಚ್ಚಿಹೋಗೋ ಭಾಗ ಎಷ್ಟು? ನಾಲ್ಕಂಕಿ ಚಾನೆಲ್‌ಗೆ ಹೆಚ್ಚೆಂದರೆ 9 ಮಂದಿ. ಐದಂಕಿಗೆ 99. ಲಕ್ಷ ದಾಟಿದರೆ 999. ಯಾವ ಮಟ್ಟದಲ್ಲಿ ನೋಡಿದರೂ ಒಟ್ಟಿನಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ. ನಮ್ಮ ಹುಡುಗರು ಇದನ್ನು ಮಾರ್ಕೆಟ್‌ನಲ್ಲಿ ತೂಕ ಹೊಡೆಯೋದಕ್ಕೆ ಹೋಲಿಸ್ತಾರ. ಹೋಲಿಕೆ ತಪ್ಪು. ಅಲ್ಲಿ ಕಡಿದ ಕಾಳಿಗೆ ರೈತನಿಗೆ ದುಡ್ಡು ಬರೋದಿಲ್ಲ. ಇಲ್ಲಿ 72 ಮಂದಿಯೂ ನಿಮ್ಮ ಲೆಕ್ಕದಲ್ಲೇ ಇದ್ದಾರ, ನಿಮ್ಮ ವಿಡಿಯೋ ಅವರಿಗೆ ಹೋಗ್ತೈತಿ.

(3/8)

ಹಂಗಾದ್ರ ಆ ಹುಡುಗ ಯಾಕ ಗಾಬರಿ ಆದ? ಅವನು ದಡ್ಡ ಅಲ್ಲ. ಈ ನಿಯಮದೊಳಗೆ ಒಂದು ಮೆಟ್ಟಿಲು ಐತಿ. ಅದು ಸರಿಯಾಗಿ ಸಂಭ್ರಮದ ದಿನವೇ ಕಾಲಿಗೆ ತಾಗತೈತಿ.

10,000ದ ಒಳಗೆ ಹೊರಗಿನ ಸಂಖ್ಯೆ ಪ್ರತಿ 10 ಮಂದಿಗೆ ಒಮ್ಮೆ ಬದಲಾಗತೈತಿ. 10,000 ಮುಟ್ಟಿದ ಗಳಿಗೆಯಿಂದ ಪ್ರತಿ 100 ಮಂದಿಗೆ ಒಮ್ಮೆ. ಅಂದ್ರ ಅಳತೆಗೋಲು ಒಂದೇ ದಿನದಲ್ಲಿ ಹತ್ತು ಪಟ್ಟು ದಪ್ಪ ಆಗತೈತಿ. ಲಕ್ಷಕ್ಕೆ ಹೋದರೆ 1,000ಕ್ಕೊಮ್ಮೆ, ಹತ್ತು ಲಕ್ಷಕ್ಕೆ ಹೋದರೆ 10,000ಕ್ಕೊಮ್ಮೆ.

ಅವನ ಚಾನೆಲ್‌ಗೆ ದಿನಕ್ಕೆ ಹನ್ನೆರಡು ಮಂದಿ ಬರ್ತಿದ್ರು, ಮೂರು ಮಂದಿ ಹೋಗ್ತಿದ್ರು. ಉಳಿಯೋದು ಒಂಬತ್ತು. ಹತ್ತು ಸಾವಿರದ ಒಳಗಿದ್ದಾಗ ಹೆಚ್ಚುಕಡಿಮೆ ದಿನಾ ಸಂಖ್ಯೆ ಏರೋದು ಕಾಣ್ತಿತ್ತು: 9.96K, 9.97K, 9.98K. ಹತ್ತು ಸಾವಿರ ಮುಟ್ಟಿದ ದಿನ ಗೆಳೆಯರು ಕೇಕ್ ಕತ್ತರಿಸಿದರು. ಮರುದಿನದಿಂದ ಎಲ್ಲಾ ಸ್ತಬ್ಧ. ಒಂಬತ್ತರಂತೆ ನೂರು ತುಂಬೋಕೆ ಹನ್ನೊಂದು ಹನ್ನೆರಡು ದಿನ ಬೇಕು. ಚಾನೆಲ್ ಅದೇ ವೇಗದಲ್ಲಿ ಬೆಳೀತಿತ್ತು, ಕಾಣೋದು ಮಾತ್ರ ನಿಂತಿತ್ತು. ಊರ ಮಂದಿ "ಏನೋ, ನಿನ್ನ ಚಾನೆಲ್ ನಿಂತಿತಲ್ಲ" ಅಂತ ಕೆಣಕೋಕೆ ಶುರು ಮಾಡಿದರು.

ನನ್ನ ಹತ್ತಿರ ಬಂದು ಹೋದ ರಾತ್ರಿ ಅವನು ಆನ್‌ಲೈನ್‌ನಲ್ಲಿ ಸಿಕ್ಕ ಯಾರಿಗೋ ದುಡ್ಡು ಕೊಟ್ಟು 300 ಸಬ್‌ಸ್ಕ್ರೈಬರ್ ಕೊಂಡ. 10,072 ಇದ್ದದ್ದು 10,372 ಆತು. ಹೊರಗೆ 10.3K. ಮುಂದಿನ ಹನ್ನೆರಡು ದಿನದಲ್ಲಿ ಸಹಜವಾಗಿ 108 ಮಂದಿ ಸೇರಿ 10,480, ಹೊರಗೆ 10.4K. ಆಮೇಲೆ ನಕಲಿ ಖಾತೆಗಳನ್ನು ತೆಗೆಯೋ ಸಫಾಯಿ ನಡೀತು. 290 ಹೋದವು. 10,190. ಹೊರಗೆ 10.1K.

ಊರಿಗೆ ಕಂಡದ್ದು ಏನು? 10.4Kಯಿಂದ 10.1Kಗೆ ಬಿದ್ದ. ಏನೂ ಮಾಡದೆ ಸುಮ್ಮನಿದ್ದಿದ್ದರೆ ಅದೇ ದಿನ 10,180 ಇರ್ತಿದ್ದ. ಆಗಲೂ ಹೊರಗೆ 10.1K. ಅದೇ ಸಂಖ್ಯೆ, ಆದರೆ ಏರಿ ಬಂದದ್ದು. ಕೊಟ್ಟ ದುಡ್ಡಿಗೆ ಅವನು ಕೊಂಡದ್ದು ಒಂದು ಅವಮಾನ.

(4/8)

ಮೊದಲು ಹೀಗಿರಲಿಲ್ಲ. 2019ರ ತನಕ ಫೋನಿನಲ್ಲಿ ಸಣ್ಣದಾಗಿ K ಅಂತ ತೋರಿಸಿದರೂ, ಕಂಪ್ಯೂಟರ್‌ನಲ್ಲಿ ಯಾರದೇ ಚಾನೆಲ್ ತೆರೆದರೂ ಕೊನೆಯ ಅಂಕಿ ತನಕ ಕಾಣ್ತಿತ್ತು. ಹೊರಗಿನ ವೆಬ್‌ಸೈಟ್‌ಗಳೂ ಆ ಸಂಖ್ಯೆ ತಗೊಂಡು ಗಳಿಗೆ ಗಳಿಗೆಗೆ ಓಡೋ "ಲೈವ್ ಕೌಂಟ್" ತೋರಿಸ್ತಿದ್ದವು.

ಆ ವರ್ಷದ ದೊಡ್ಡ ಜಾತ್ರೆ ನಿಮಗೆ ನೆನಪಿರಬೇಕು. ಒಂದು ಕಡೆ ನಮ್ಮ ದೇಶದ ಟಿ-ಸೀರೀಸ್, ಸಿನಿಮಾ ಹಾಡಿನ ಕಂಪನಿ. ಇನ್ನೊಂದು ಕಡೆ ಪ್ಯೂಡಿಪೈ, ಸ್ವೀಡನ್ನಿನ ಒಬ್ಬ ಹುಡುಗ. ಯಾರು ಒಂದನೇ ನಂಬರ್ ಅಂತ ತಿಂಗಳುಗಟ್ಟಲೆ ಪೈಪೋಟಿ. ಇಬ್ಬರ ಸಂಖ್ಯೆಯನ್ನೂ ಅಕ್ಕಪಕ್ಕ ಇಟ್ಟು ಇಪ್ಪತ್ತನಾಲ್ಕು ತಾಸು ಲೈವ್ ಹಾಕಿದ ಚಾನೆಲ್‌ಗಳಿದ್ದವು. ನಮ್ಮ ಸ್ಟುಡಿಯೋದಾಗೂ ಹುಡುಗರು ಕ್ರಿಕೆಟ್ ಸ್ಕೋರ್ ನೋಡಿದಂಗ ನೋಡ್ತಾ ಕುಂತಿದ್ದರು. ಮೇ ತಿಂಗಳ ಕೊನೆಗೆ ಟಿ-ಸೀರೀಸ್ ಹತ್ತು ಕೋಟಿ ದಾಟಿತು.

ಅದೇ ಮೇ ತಿಂಗಳಲ್ಲಿ ಅಮೆರಿಕದ ಮೇಕಪ್ ಯೂಟ್ಯೂಬರ್ ಜೇಮ್ಸ್ ಚಾರ್ಲ್ಸ್ ಒಂದು ಜಗಳದಲ್ಲಿ ಸಿಕ್ಕಿಬಿದ್ದ. ಅವನ ಸಬ್‌ಸ್ಕ್ರೈಬರ್‌ಗಳು ಲಕ್ಷಗಟ್ಟಲೆ ಇಳಿಯೋದನ್ನು ಜನ ಲೈವ್ ಕೌಂಟ್ ಹಾಕಿಕೊಂಡು ತಮಾಷೆಯಾಗಿ ನೋಡಿದರು.

ಅದೇ ತಿಂಗಳು ಯೂಟ್ಯೂಬ್ ಹೊಸ ನಿಯಮ ಸಾರಿತು. ಸೆಪ್ಟೆಂಬರ್‌ನಿಂದ ಜಾರಿ ಮಾಡಿತು. ಈ ನಿಯಮ ಆವಾಗಲೇ ಇದ್ದಿದ್ದರೆ ಏನಾಗ್ತಿತ್ತು ಅಂತ ಲೆಕ್ಕ ಹಾಕ್ರಿ. ಒಂಬತ್ತು ಕೋಟಿ ಮಟ್ಟದಲ್ಲಿ ಹೊರಗಿನ ಸಂಖ್ಯೆ ಲಕ್ಷಕ್ಕೊಮ್ಮೆ ಮಾತ್ರ ಅಲ್ಲಾಡತೈತಿ. ಕೆಲವು ಸಾವಿರದ ಅಂತರದಲ್ಲಿ ಓಡ್ತಿದ್ದ ಇಬ್ಬರೂ ಹೆಚ್ಚಿನ ಹೊತ್ತು ಒಂದೇ ಸಂಖ್ಯೆ ತೋರಿಸ್ಕೊಂಡು ನಿಂತಿರ್ತಿದ್ದರು. ಓಟವೇ ಇಲ್ಲ, ಜಾತ್ರೆಯೂ ಇಲ್ಲ.

(5/8)

ಈಗ ಕಾರಣದ ಮಾತು. ಕಂಪನಿ ಎರಡು ಕಾರಣ ಕೊಟ್ಟಿತ್ತು. ಮೊದಲನೇದು, ಒಂದು ಕಡೆ ಪೂರ್ತಿ ಸಂಖ್ಯೆ, ಇನ್ನೊಂದು ಕಡೆ ಚಿಕ್ಕದು ಇರೋ ಬದಲು ಎಲ್ಲಾ ಕಡೆ ಒಂದೇ ರೀತಿ ಇರಲಿ ಅಂತ. ಇದಕ್ಕೆ ನನ್ನ ತಕರಾರಿಲ್ಲ. ಎರಡನೇದು, ಗಳಿಗೆ ಗಳಿಗೆಗೆ ಓಡೋ ಸಂಖ್ಯೆಯಿಂದ ವಿಡಿಯೋ ಮಾಡೋರ ಮೇಲೆ ಬೀಳೋ ಒತ್ತಡ ಕಡಿಮೆ ಆಗಲಿ ಅಂತ.

ಇದರಲ್ಲಿ ಅರ್ಧ ಸತ್ಯ ಐತಿ. ಒಬ್ಬನ ಬೀಳುವಿಕೆಯನ್ನು ಲಕ್ಷ ಮಂದಿ ಕುಂತು ನೋಡೋ ಆಟ ನಿಂತಿತು. ಅದು ಒಳ್ಳೇದೇ ಆತು. ಅದನ್ನು ನಾನು ಅಲ್ಲಗಳೆಯೋದಿಲ್ಲ.

ಆದರೆ ಸ್ಟುಡಿಯೋ ತೆರೆದು ನೋಡ್ರಿ. ಡ್ಯಾಶ್‌ಬೋರ್ಡ್‌ನ ಮೇಲ್ಗಡೆಯೇ ಪೂರ್ತಿ ಸಂಖ್ಯೆ ದಪ್ಪಕ್ಷರದಲ್ಲಿ ಐತಿ. ಅನಾಲಿಟಿಕ್ಸ್‌ಗೆ ಹೋದರೆ ಲೈವ್ ಕೌಂಟ್ ಐತಿ, ಕಣ್ಣೆದುರೇ ಒಂದು ಏರತೈತಿ, ಒಂದು ಇಳಿಯತೈತಿ. ರಾತ್ರಿ ಎರಡು ಗಂಟೆಗೆ ಎದ್ದು ನೋಡೋ ಹುಡುಗ ನೋಡೋದು ಅದನ್ನೇ. ಒತ್ತಡ ಯಾರಿಗೆ ಅಂತ ಹೇಳಿದಿರೋ ಅವನೊಬ್ಬನಿಗೇ ಪೂರ್ತಿ ಸಂಖ್ಯೆ ಉಳಿಸಿದಿರಿ. ಸಕ್ಕರೆ ಕಾಯಿಲೆಯವನ ಮುಂದೆ ಪೇಡೆ ಡಬ್ಬಿ ಇಟ್ಟು, ಉಳಿದ ಮನೆಮಂದಿಗೆಲ್ಲ ಕಣ್ಣಿಗೆ ಬಟ್ಟೆ ಕಟ್ಟಿದಂಗ ಆತು.

ಮುಂದಿನ ವರ್ಷಗಳನ್ನೂ ಜೋಡಿಸಿ ನೋಡ್ರಿ. 2021ರ ನವೆಂಬರ್‌ನಲ್ಲಿ ಡಿಸ್‌ಲೈಕ್ ಸಂಖ್ಯೆಯನ್ನು ಹೊರಗಿನವರಿಗೆ ಮುಚ್ಚಿದರು. ಸ್ಟುಡಿಯೋದಲ್ಲಿ ಮಾಲೀಕನಿಗೆ ಉಳಿಸಿದರು. ಅದೇ ವರಸೆ. 2022ರ ಜುಲೈನಲ್ಲಿ ಸಬ್‌ಸ್ಕ್ರೈಬರ್ ಸಂಖ್ಯೆಯನ್ನು ಪೂರ್ತಿ ಮರೆಮಾಡೋ ಆಯ್ಕೆಯನ್ನೇ ತೆಗೆದುಹಾಕಿದರು. ಬೇರೆಯವರ ಹೆಸರಲ್ಲಿ ಕಾಮೆಂಟ್ ಹಾಕೋ ನಕಲಿಗಳು ತಮ್ಮ ಸಣ್ಣ ಸಂಖ್ಯೆ ಬಚ್ಚಿಡ್ತಿದ್ದರು ಅನ್ನೋದು ಕಾರಣ. ಕಾರಣ ಸರಿಯೇ. ಆದರೆ ಸಂಖ್ಯೆಯ ಒತ್ತಡ ತಾಳಲಾರದೆ "ನನ್ನದು ಯಾರಿಗೂ ಕಾಣೋದು ಬೇಡ" ಅನ್ನೋ ಸಣ್ಣ ಹುಡುಗಿಗೂ ಆ ಬಾಗಿಲು ಮುಚ್ಚಿತು. ನೆಮ್ಮದಿಯೇ ಮುಖ್ಯವಾಗಿದ್ದರೆ ಆ ಬಾಗಿಲು ಕೊನೆಗೆ ಮುಚ್ಚಬೇಕಿತ್ತು.

(6/8)

ಹಂಗಾದ್ರ ನಿಜವಾಗಿ ಬದಲಾದದ್ದು ಏನು? ಲೆಕ್ಕದ ಪುಸ್ತಕ ಯಾರ ಕೈಲಿ ಐತಿ ಅನ್ನೋದು.

ಹೊರಗಿನ ಸಾಫ್ಟ್‌ವೇರ್‌ಗಳು ಯೂಟ್ಯೂಬ್‌ನಿಂದ ಸಂಖ್ಯೆ ಕೇಳೋಕೆ ಒಂದು ದಾರಿ ಐತಿ. 10,072 ಇರೋ ಆ ಹುಡುಗನ ಚಾನೆಲ್ ಬಗ್ಗೆ ಕೇಳಿದರೆ ಬರೋ ಉತ್ತರ ಹೀಗಿರತೈತಿ:

```
"subscriberCount": "10000"
```

ಚಾನೆಲ್ ಮಾಲೀಕನೇ ತನ್ನ ಲಾಗಿನ್ ಕೊಟ್ಟು ಈ ದಾರಿಯಲ್ಲಿ ಕೇಳಿದರೂ ಅಷ್ಟೇ ಉತ್ತರ. ಪೂರ್ತಿ ಸಂಖ್ಯೆ ಬೇಕಂದ್ರ ಸ್ಟುಡಿಯೋದೊಳಗೇ ಹೋಗಿ ನೋಡಬೇಕು.

ಇದರಿಂದ ಮೂರು ಪರಿಣಾಮ. ಮೊದಲನೇದು, ಇವತ್ತಿಗೂ ಕೆಲವು ವೆಬ್‌ಸೈಟ್‌ಗಳು ಬೇರೆಯವರ ಚಾನೆಲ್‌ಗೆ ಕೊನೆಯ ಅಂಕಿ ತನಕ ಓಡೋ ಕೌಂಟ್ ತೋರಿಸ್ತಾವಲ್ಲ, ಅಲ್ಲಿನ ಕೊನೆಯ ಅಂಕಿಗಳು ಅಂದಾಜು. ಹಿಂದಿನ ವೇಗ ನೋಡಿ ಓಡಿಸೋದು. ಅದನ್ನು ನೋಡಿ ನಿಮ್ಮ ಎದುರಾಳಿ ಈಗಷ್ಟೇ ಏಳು ಮಂದಿ ಕಳಕೊಂಡ ಅಂತ ಖುಷಿ ಪಡಬೇಡ್ರಿ. ಆ ಏಳು ಮಂದಿ ಇಲ್ಲವೇ ಇಲ್ಲ.

ಎರಡನೇದು, ಅನುಮಾನ ಪರೀಕ್ಷೆ ಮಾಡೋದು ಕಷ್ಟ ಆತು. ಮೊದಲು ದಿನಾ ಒಂದು ಹೊತ್ತಿಗೆ ಸಂಖ್ಯೆ ಬರೆದಿಟ್ಟರೆ ಸಾಕಿತ್ತು. ದಿನಕ್ಕೆ ಇಪ್ಪತ್ತು ಬರೋ ಚಾನೆಲ್‌ಗೆ ಒಂದೇ ರಾತ್ರಿ ಐನೂರು ಬಂದರೆ ಯಾರಿಗಾದರೂ ತಿಳೀತಿತ್ತು. ಈಗ ಒಂದೂವರೆ ಲಕ್ಷದ ಚಾನೆಲ್ ರಾತ್ರೋರಾತ್ರಿ ಐನೂರು ಕೊಂಡರೆ ಹೊರಗೆ ಒಂದು ಮೆಟ್ಟಿಲು ಏರಬಹುದು, ಏರದೆಯೂ ಇರಬಹುದು. ದೊಡ್ಡ ಖರೀದಿ ಈಗಲೂ ಕಾಣತೈತಿ, ಸಣ್ಣದು ಕಾಣೋದಿಲ್ಲ.

ಮೂರನೇದು ಯಾರೂ ಹೇಳದ ಮಾತು. ಈ ಕತ್ತರಿ ಮುಚ್ಚೋದಷ್ಟೇ ಅಲ್ಲ, ಕೆಲವೊಮ್ಮೆ ದೊಡ್ಡದು ಮಾಡಿ ತೋರಿಸತೈತಿ. 10,100 ಇದ್ದಾಗ 10.1K. ಒಬ್ಬ ಬಿಟ್ಟು ಹೋದರೆ 10,099, ಹೊರಗೆ 10K. ಹೋದವನು ಒಬ್ಬ, ನೋಡಿದವರಿಗೆ ನೂರು ಮಂದಿ ಹೋದಂಗ. ಗಡಿಯ ಮೇಲೆ ನಿಂತ ಚಾನೆಲ್ ದಿನಕ್ಕೆ ನಾಲ್ಕು ಸಲ ಹಿಂಗ ಏರಿಳಿಯಬಹುದು. ಒತ್ತಡ ಕಡಿಮೆ ಮಾಡೋ ಉಪಾಯ ಅಲ್ಲಿ ಒತ್ತಡ ಹುಟ್ಟಿಸತೈತಿ.

(7/8)

"ಇದೆಲ್ಲಾ ದೊಡ್ಡವರ ಮಾತು, ನಮ್ಮ ಹನುಮಸಾಗರಕ್ಕೇನು ಸಂಬಂಧ?" ಅಂತೀರಿ. ಐತಿ.

ನಮ್ಮಲ್ಲಿ ಸಣ್ಣ ಚಾನೆಲ್‌ಗಳಿಗೆ ದುಡ್ಡು ಬರೋದು ಕುಷ್ಟಗಿ, ಇಳಕಲ್, ಗಜೇಂದ್ರಗಡದ ಅಂಗಡಿಗಳಿಂದ. ಸೀರೆ ಅಂಗಡಿ, ಮೊಬೈಲ್ ಅಂಗಡಿ, ಖಾನಾವಳಿ. ವಿಡಿಯೋ ನಡುವೆ ಅಂಗಡಿ ಹೆಸರು ಹೇಳಿದರೆ ಇಷ್ಟು ಅಂತ ಮಾತು. ಮಾಲೀಕರು ಕೇಳೋ ಮೊದಲ ಪ್ರಶ್ನೆ "ಎಷ್ಟು ಮಂದಿ ಅದಾರ?" ಹೊರಗಿನ ಸಂಖ್ಯೆ ಮೇಲೆ ನಂಬಿಕೆ ಇಲ್ಲ ಅಂದ್ರ ಹುಡುಗ ಸ್ಟುಡಿಯೋದ ಸ್ಕ್ರೀನ್‌ಶಾಟ್ ಕಳಿಸ್ತಾನ. ಕೊನೆಯ ಅಂಕಿ ತನಕ ಇರೋದರಿಂದ ಅದು ನಿಜದಂಗ ಕಾಣತೈತಿ.

ಫೋಟೊ ಎಡಿಟ್ ಮಾಡಿ ಹೊಟ್ಟೆ ಹೊರೆಯೋ ನಾನು ಹೇಳ್ತೀನಿ ಕೇಳ್ರಿ: ಸ್ಕ್ರೀನ್‌ಶಾಟ್‌ನಲ್ಲಿ ಒಂದು ಅಂಕಿ ಬದಲಿಸೋಕೆ ಎರಡು ನಿಮಿಷ ಸಾಕು. ಅಂಕಿ ಎಷ್ಟು ಉದ್ದ ಅನ್ನೋದು ಸತ್ಯದ ಸಾಕ್ಷಿ ಅಲ್ಲ. ಹೊರಗಿನ ಸಂಖ್ಯೆಯನ್ನು ಚಾನೆಲ್‌ನವನು ತಿದ್ದೋಕೆ ಆಗೋದಿಲ್ಲ, ಅದು ಇದ್ದದ್ದಕ್ಕಿಂತ ಹೆಚ್ಚು ಹೇಳೋದೂ ಇಲ್ಲ. ದೊಡ್ಡದೋ ಸಣ್ಣದೋ ಅಂತ ತಿಳಿಯೋಕೆ ಅದೇ ಸಾಕು. ಉಳಿದ 72ರ ಮೇಲೆ ಯಾರ ವ್ಯಾಪಾರವೂ ನಿಂತಿಲ್ಲ.

ಅಂಗಡಿಯವರೇ, ಪೂರ್ತಿ ನೋಡಲೇಬೇಕು ಅಂದ್ರ ಹುಡುಗನ್ನ ಎದುರಿಗೆ ಕುಂಡ್ರಿಸಿ ಅವನ ಫೋನಿನಲ್ಲೇ ಸ್ಟುಡಿಯೋ ತೆರೆಸ್ರಿ. ಪುಟ ಕೆಳಗೆ ಎಳೆದು ರಿಫ್ರೆಶ್ ಮಾಡಿಸ್ರಿ. ಆಮೇಲೆ ಸಬ್‌ಸ್ಕ್ರೈಬರ್ ಬಿಟ್ಟು ಕಳೆದ 28 ದಿನದ ವೀಕ್ಷಣೆ ನೋಡ್ರಿ. ಹತ್ತು ಸಾವಿರ ಮಂದಿ ಇದ್ದೂ ವಿಡಿಯೋಗೆ ಇನ್ನೂರು ವೀಕ್ಷಣೆ ಇದ್ದರೆ ನಿಮ್ಮ ಸೀರೆ ನೋಡೋರು ಇನ್ನೂರೇ.

ಹುಡುಗರೇ, ನಿಮಗೂ ಒಂದು ಮಾತು. ಸ್ಟುಡಿಯೋದೊಳಗೂ ಎರಡು ಸಂಖ್ಯೆ ಹೊಂದದೇ ಇರಬಹುದು. ಲೈವ್ ಕೌಂಟ್ ಈ ಗಳಿಗೆಯದು. ಅನಾಲಿಟಿಕ್ಸ್‌ನ ಗ್ರಾಫ್ ಪರಿಶೀಲನೆಗೆ ಸುಮಾರು 48 ತಾಸು ಹಿಂದೆ ಇರತೈತಿ. ಮುಚ್ಚಿಹೋದ ಖಾತೆ, ನಕಲಿ ಖಾತೆಗಳನ್ನು ತೆಗೆದಾಗಲೂ ಸಂಖ್ಯೆ ಇಳಿಯತೈತಿ. ಇದೂ ಕಳ್ಳತನ ಅಲ್ಲ.

(8/8)

ಹಂಗಾದ್ರ ನಾನು ಕೇಳೋದೇನು? ಹಳೇ ಲೈವ್ ಕೌಂಟ್ ಜಾತ್ರೆ ವಾಪಸ್ ಬರಲಿ ಅಂತ ಅಲ್ಲ. ಅದು ಹೋದದ್ದಕ್ಕೆ ನನಗೆ ದುಃಖ ಇಲ್ಲ.

ನಾನು ಕೇಳೋದು ಆಯ್ಕೆ. ಯಾರಿಗೆ ಸಂಖ್ಯೆ ನೋಡಿದರೆ ನಿದ್ದೆ ಬರೋದಿಲ್ಲವೋ ಅವರಿಗೆ ಸ್ಟುಡಿಯೋದಲ್ಲೂ ಹೊರಗಿನಂಗ ಮೂರೇ ಅಂಕಿ ತೋರಿಸ್ರಿ. ಲೈವ್ ಕೌಂಟ್ ಮುಚ್ಚೋ ಒಂದು ಬಟನ್ ಕೊಡ್ರಿ. ನೆಮ್ಮದಿಯ ಮಾತು ಹೇಳಿದವರು ಮಾಡಬೇಕಾದ ಮೊದಲ ಕೆಲಸ ಅದು. ಇನ್ನು ಯಾರಿಗೆ ತಮ್ಮ ಲೆಕ್ಕ ಊರಿಗೆಲ್ಲ ತೆರೆದಿಡಬೇಕು ಅನಿಸತೈತೋ, ಅವರಿಗೆ ಪೂರ್ತಿ ಸಂಖ್ಯೆ ಹೊರಗೂ ತೋರಿಸೋ ಬಟನ್ ಕೊಡ್ರಿ. ಆಗ ಸ್ಕ್ರೀನ್‌ಶಾಟ್ ವ್ಯಾಪಾರ ತಾನೇ ಸಾಯತೈತಿ.

ಅದು ಬರೋ ತನಕ ನಮ್ಮ ಕೈಲಿರೋದು ಇಷ್ಟು. ಹತ್ತು ಸಾವಿರ, ಲಕ್ಷ, ಹತ್ತು ಲಕ್ಷ, ಈ ಮೂರು ಮೆಟ್ಟಿಲು ಹತ್ತಿದ ಮರುದಿನ ಹೊರಗಿನ ಸಂಖ್ಯೆ ನಿಲ್ಲತೈತಿ ಅಂತ ಮೊದಲೇ ಗೊತ್ತಿರಲಿ. ಮನೆಮಂದಿಗೂ ಹೇಳಿಡ್ರಿ. ವಾರಕ್ಕೊಮ್ಮೆ, ಒಂದೇ ದಿನ ಒಂದೇ ಹೊತ್ತಿಗೆ, ಸ್ಟುಡಿಯೋದ ಸಂಖ್ಯೆಯನ್ನು ನೋಟ್‌ಬುಕ್‌ನಲ್ಲಿ ಬರೆದಿಡ್ರಿ. ಬೆಳೆಯೋದು ಅಲ್ಲಿ ಕಾಣತೈತಿ.

ಆ ಹುಡುಗ ಹೋದ ತಿಂಗಳು ಮತ್ತೆ ಬಂದಿದ್ದ. ಅವರಪ್ಪನೂ ಜೊತೆಗಿದ್ದರು. ನಾನು ಈ ಸಲ ಕೆಲಸ ನಿಲ್ಲಿಸಿ, ಹಾಳೆ ತಗೊಂಡು, 10,072ರಲ್ಲಿ ಮೊದಲ ಮೂರು ಅಂಕಿಗೆ ಗೆರೆ ಎಳೆದು ತೋರಿಸಿದೆ. ಅಪ್ಪ ಬಹಳ ಹೊತ್ತು ಹಾಳೆ ನೋಡಿದರು. ಆಮೇಲೆ ಮಗನ ಕಡೆ ತಿರುಗಿ, "ಹಂಗಾರ ನೀ ನಿಂತಿರಲಿಲ್ಲ, ಹೌದಿಲ್ಲೋ?" ಅಂದರು.

ಅವನು ತಲೆ ತಗ್ಗಿಸಿದ. ಆ 300ರ ವಿಷಯ ಅಪ್ಪಗ ಇನ್ನೂ ಹೇಳಿರಲಿಲ್ಲ.

ಹತ್ತು ಸಾವಿರದ ಹತ್ತಿರ ಇರೋ ನಿಮ್ಮ ಗೆಳೆಯನಿಗೆ ಮೂರನೇ ಭಾಗ ಇವತ್ತೇ ಕಳಿಸ್ರಿ. ಅವನು ಕೇಕ್ ಕತ್ತರಿಸೋದಕ್ಕಿಂತ ಮೊದಲು.

#ಹನುಮಸಾಗರ #ಕುಷ್ಟಗಿ #ಕೊಪ್ಪಳ #ಯೂಟ್ಯೂಬ್‌ಕನ್ನಡ #ಲೆಕ್ಕಪಕ್ಕಾ